ಬಾಟಲ್ ಟ್ರ್ಯಾಪ್ ಬಿಚ್ಚಿ ಉಂಗುರ ತೆಗೆದ ಕೆಲಸದ ವಿವರ

ವಾಶ್‌ಬೇಸಿನ್‌ನೊಳಗೆ ಬಿದ್ದ ಉಂಗುರ ಸಿಗುತ್ತದೆಯೋ ಇಲ್ಲವೋ ಎಂಬುದು ಬೇಸಿನ್‌ನ ಕೆಳಗೆ ವಾಸನೆ ತಡೆಯಲು ನೀರು ನಿಲ್ಲಿಸಿಕೊಳ್ಳುವ ಟ್ರ್ಯಾಪ್ ಯಾವ ಬಗೆಯದು, ಉಂಗುರ ಬಿದ್ದ ಮೇಲೆ ಎಷ್ಟು ನೀರು ಹರಿಯಿತು ಎಂಬ ಎರಡು ಸಂಗತಿಗಳನ್ನು ಅವಲಂಬಿಸಿದೆ. ಮೈಸೂರಿನ ನಮ್ಮ ಮನೆಯ ಊಟದ ಕೋಣೆಯಲ್ಲಿರುವುದು ಕ್ರೋಮ್ ಲೇಪದ ಹಿತ್ತಾಳೆಯ ಬಾಟಲ್ ಟ್ರ್ಯಾಪ್. ಅತ್ತಿಗೆಯವರು ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾಗ ಅವರ ಬೆರಳಿನಿಂದ ಜಾರಿದ್ದು ಮೂರು ಗ್ರಾಂ ತೂಕದ, ಕಲ್ಲಿಲ್ಲದ, 22 ಕ್ಯಾರೆಟ್ ಚಿನ್ನದ ಉಂಗುರ. ನೀರು ನಿಧಾನವಾಗಿ ಇಳಿಯುತ್ತಿದೆ ಎಂಬ ಕಾರಣಕ್ಕೆ ಬೇಸಿನ್‌ನ ತೂತಿನ ಮೇಲಿರಬೇಕಾಗಿದ್ದ ಜಾಲರಿಯನ್ನು ಕೆಲವು ವಾರಗಳ ಹಿಂದೆಯೇ ತೆಗೆದಿಡಲಾಗಿತ್ತು. ಉಂಗುರ ಒಳಗೆ ಹೋಗಲು ದಾರಿಯಾದದ್ದು ಅದರಿಂದಲೇ. ನೀರು ನಿಧಾನವಾಗಿ ಇಳಿಯುತ್ತಿತ್ತು ಎಂಬ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಉಂಗುರವನ್ನು ಹುಡುಕುವಾಗ ಅದೇ ಮುಖ್ಯ ಸುಳಿವಾಯಿತು.

ಅತ್ತಿಗೆಯವರು ಮೊದಲು ಹೇಳಿದ್ದು, "ಜೋರಾಗಿ ನೀರು ಬಿಟ್ಟರೆ ಆ ಕಡೆಯ ಪೈಪಿನಲ್ಲಿ ಹೊರಗೆ ಬರಬಹುದಲ್ಲವೇ?" ಎಂದು. "ಬೇಡ ಅತ್ತಿಗೆ, ನಲ್ಲಿಯನ್ನು ಮುಟ್ಟಲೇಬೇಡಿ, ಅದು ಇನ್ನೂ ಇಲ್ಲೇ ಕೆಳಗಿದೆ" ಎಂದು ಅವರನ್ನು ತಡೆದೆ. ನಲ್ಲಿಗೆ ಬರುವ ನೀರನ್ನು ನಿಲ್ಲಿಸಲು ಬೇಸಿನ್‌ನ ಕೆಳಗಿರುವ ಆ್ಯಂಗಲ್ ಕಾಕ್ ಅನ್ನು ಪೂರ್ತಿ ಮುಚ್ಚಿ, ಮಕ್ಕಳು ಅಭ್ಯಾಸಬಲದಿಂದ ಕೈ ತೊಳೆಯಲು ಬಾರದಿರಲಿ ಎಂದು ನಲ್ಲಿಗೆ ಒಂದು ಬಟ್ಟೆ ಸುತ್ತಿದೆ. ಇಂಥ ಸಮಯದಲ್ಲಿ ಕಟ್ಟಿಕೊಂಡ ಪೈಪನ್ನು ಬಿಡಿಸುವ ಪುಡಿ ಅಥವಾ ಆ್ಯಸಿಡ್ ಸುರಿಯುವುದು ಎರಡು ಕಾರಣಗಳಿಂದ ಕೂಡದು. ಟ್ರ್ಯಾಪಿನಲ್ಲಿ ನಿಂತ ನೀರು ಆಮೇಲೆ ಬಿಚ್ಚುವವನ ಕೈಗೂ ಕಣ್ಣಿಗೂ ಸಿಡಿಯುತ್ತದೆ. ಜೊತೆಗೆ ಉಂಗುರವನ್ನು ತಡೆದು ಹಿಡಿದಿರಬಹುದಾದ ಕಸವೇ ಕರಗಿ ಹೋಗುತ್ತದೆ. ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಳಿಬಿಡುವ ಉಪಾಯವನ್ನೂ ಯಾರೋ ಸೂಚಿಸಿದರು. ಚಿನ್ನಕ್ಕೂ ಬೆಳ್ಳಿಗೂ ಆಯಸ್ಕಾಂತ ಅಂಟುವುದಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಕೈಬಿಡಬೇಕಾಯಿತು.

ಉಂಗುರ ಅಲ್ಲೇ ಇದೆ ಎಂದು ಅಷ್ಟು ಧೈರ್ಯವಾಗಿ ಹೇಳಲು ಬಾಟಲ್ ಟ್ರ್ಯಾಪಿನ ಒಳರಚನೆಯೇ ಆಧಾರ. ಬೇಸಿನ್‌ನ ತೂತಿನಲ್ಲಿ ಕೂತಿರುವ ವೇಸ್ಟ್ ಕಪ್ಲಿಂಗ್‌ನಿಂದ ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಂದು ನೇರವಾಗಿ ಕೆಳಗಿಳಿದು, ಅದಕ್ಕಿಂತ ದೊಡ್ಡದಾದ ಒಂದು ಬಟ್ಟಲಿನೊಳಗೆ ಮುಳುಗಿ ನಿಲ್ಲುತ್ತದೆ. ಕೊಳವೆಯ ಕೆಳತುದಿಯಿಂದ ಹೊರಬಂದ ನೀರು ತಿರುಗಿ ಮೇಲಕ್ಕೇರಿ, ಕೊಳವೆಗೂ ಬಟ್ಟಲಿನ ಗೋಡೆಗೂ ನಡುವಿನ ಜಾಗದಿಂದ ಪಕ್ಕದ ಪೈಪಿಗೆ ಸೇರಿ ಗೋಡೆಯೊಳಗೆ ಹೋಗುತ್ತದೆ. ಬಟ್ಟಲಿನಲ್ಲಿ ಸದಾ ನಿಂತಿರುವ ನೀರೇ ಚರಂಡಿಯ ವಾಸನೆ ಒಳಗೆ ಬಾರದಂತೆ ತಡೆಯುವ ಬೀಗ. ನಮ್ಮ ನಲ್ಲಿಯಿಂದ ನಿಮಿಷಕ್ಕೆ ಸುಮಾರು 6 ಲೀಟರ್, ಅಂದರೆ ಸೆಕೆಂಡಿಗೆ 100 ಮಿಲಿಲೀಟರ್ ನೀರು ಬರುತ್ತದೆ. ಬಟ್ಟಲಿನ ಒಳ ಅಗಲ 60 ಮಿಲಿಮೀಟರ್ ಎಂದಿಟ್ಟುಕೊಂಡರೆ, ನೀರು ಮೇಲೇರುವ ಸುತ್ತಲಿನ ಜಾಗ ಸುಮಾರು 20 ಚದರ ಸೆಂಟಿಮೀಟರ್ ಆಗುತ್ತದೆ. ಹಾಗಾಗಿ ಅಲ್ಲಿ ನೀರು ಸೆಕೆಂಡಿಗೆ ಬರೀ 5 ಸೆಂಟಿಮೀಟರ್ ವೇಗದಲ್ಲಿ ಮೇಲೇರುತ್ತದೆ. 22 ಕ್ಯಾರೆಟ್ ಚಿನ್ನವೋ ನೀರಿಗಿಂತ ಹದಿನೇಳು ಪಟ್ಟಿಗೂ ಹೆಚ್ಚು ಭಾರ. ಅಂಥ ಉಂಗುರ ನಿಂತ ನೀರಿನಲ್ಲಿ ಮುಳುಗುವ ವೇಗವೇ ಇದರ ಹತ್ತು ಪಟ್ಟು ಮೀರುತ್ತದೆ. ಆದ್ದರಿಂದ ಮಾಮೂಲಿ ಹರಿವಿಗೆ ಉಂಗುರ ಬಟ್ಟಲಿನ ತಳದಿಂದ ಮೇಲೆದ್ದು ಪಕ್ಕದ ಪೈಪಿಗೆ ಹೋಗುವ ಪ್ರಶ್ನೆಯೇ ಇಲ್ಲ.

ಎಲ್ಲ ಬೇಸಿನ್‌ಗಳಿಗೂ ಈ ಮಾತು ಹೊಂದುವುದಿಲ್ಲ. ಬಾಗಿದ ಪೈಪಿನ ಪಿ ಟ್ರ್ಯಾಪಿನಲ್ಲಿ ಅಡ್ಡ ಅಗಲ ಎಲ್ಲೆಡೆ ಒಂದೇ ಆಗಿರುವುದರಿಂದ ನೀರಿನ ವೇಗವೂ ಹೆಚ್ಚು. ತುಂಬಿದ ಬೇಸಿನ್ ಒಮ್ಮೆಲೇ ಖಾಲಿಯಾದರೆ ಸಣ್ಣ ವಸ್ತುಗಳು ಬಾಗು ದಾಟಿ ಹೋಗಬಹುದು. ಅನೇಕ ಬಾಡಿಗೆ ಮನೆಗಳಲ್ಲಿರುವ ಸುರುಳಿ ಮಡಿಕೆಯ ಪ್ಲಾಸ್ಟಿಕ್ ಪೈಪಿಗೆ ಟ್ರ್ಯಾಪೇ ಇರುವುದಿಲ್ಲ, ಅದು ನೇರವಾಗಿ ನೆಲದ ನಹಾನಿ ಟ್ರ್ಯಾಪಿಗೆ ಹೋಗುತ್ತದೆ. ಅಲ್ಲಿ ಉಂಗುರ ಪೈಪಿನ ಮಡಿಕೆಗಳಲ್ಲಿ ಸಿಕ್ಕಿರಬೇಕು, ಇಲ್ಲವೇ ನೆಲದ ಜಾಲಿ ಎತ್ತಿ ಟ್ರ್ಯಾಪಿನ ತಳದಲ್ಲಿ ಹುಡುಕಬೇಕು.

ಬಿಚ್ಚುವ ಮೊದಲು ಮೇಲಿನಿಂದ ಟಾರ್ಚ್ ಹಾಕಿ ನೋಡಿದಾಗ ಕಪ್ಲಿಂಗ್‌ನ ಒಳಗೆ ಕಪ್ಪು ಲೋಳೆ ಬಿಟ್ಟರೆ ಏನೂ ಕಾಣಲಿಲ್ಲ. ಈ ಹಂತದಲ್ಲಿ ತಂತಿ ಹಾಕಿ ಕೆದಕುವ ಆಸೆ ಯಾರಿಗಾದರೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಕೆಳಗಿನ ಬಟ್ಟಲನ್ನು ಬಿಚ್ಚಿ, ಅದರ ಕೆಳಗೆ ಪಾತ್ರೆ ಇಡುವವರೆಗೂ ಮೇಲಿನಿಂದ ಏನನ್ನೂ ತೂರಿಸಬಾರದು. ಮುಚ್ಚಿದ ಟ್ರ್ಯಾಪಿನಲ್ಲಿ ಕೆದಕಿದರೆ ಉಂಗುರ ಎಲ್ಲಿಗೆ ಹೋಯಿತೆಂದು ಗೊತ್ತಾಗುವುದಿಲ್ಲ. ತೆರೆದ ಟ್ರ್ಯಾಪಿನಲ್ಲಿ ಕೆದಕಿದರೆ ಅದು ಬೀಳುವುದು ನಾವಿಟ್ಟ ಪಾತ್ರೆಗೇ.

ಬೇಸಿನ್‌ನ ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ, ಟ್ರ್ಯಾಪಿನ ನೇರ ಕೆಳಗೆ ಅಗಲವಾದ ಪ್ಲಾಸ್ಟಿಕ್ ಬೋಗುಣಿ ಇಟ್ಟೆ. ಬಿಳಿ ಬೋಗುಣಿಯಾದರೆ ಕಸದೊಳಗಿನ ಚಿಕ್ಕ ವಸ್ತುಗಳು ಬೇಗ ಕಣ್ಣಿಗೆ ಬೀಳುತ್ತವೆ. ಬೇಕಾದ ಸಾಮಾನು ಹೆಚ್ಚಿರಲಿಲ್ಲ: ರಬ್ಬರ್ ಕೈಗವಸು, ಟಾರ್ಚ್, ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು, ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಬೈಂಡಿಂಗ್ ವೈರ್, ಮತ್ತೆ ಅಡುಗೆಗೆ ಬಳಸದ ಒಂದು ಟೀ ಸೋಸುವ ಜರಡಿ. ಪೈಪ್ ರೆಂಚ್ ಇದ್ದರೂ ಹೊರತೆಗೆಯಲಿಲ್ಲ. ಅದರ ಹಲ್ಲುಗಳು ಕ್ರೋಮ್ ಲೇಪವನ್ನು ಕಚ್ಚಿ ಕೀಳುತ್ತವೆ, ಹಾಗೆ ಕಿತ್ತ ಜಾಗದಿಂದಲೇ ಮುಂದೆ ಹಿತ್ತಾಳೆ ಹಸಿರುಗಟ್ಟುತ್ತದೆ. ಜೊತೆಗೆ ಅದರ ಉದ್ದ ಹಿಡಿಯಿಂದ ಬರುವ ಬಲ ತೆಳು ಲೋಹದ ಬಟ್ಟಲನ್ನು ಮೊಟ್ಟೆಯಾಕಾರಕ್ಕೆ ಅಮುಕಿಬಿಡುತ್ತದೆ, ಆಮೇಲೆ ಅದು ಸರಿಯಾಗಿ ಕೂರುವುದೇ ಇಲ್ಲ.

ಬಟ್ಟಲನ್ನು ಯಾವ ದಿಕ್ಕಿಗೆ ತಿರುಗಿಸಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಬೇಸಿನ್‌ನ ಕೆಳಗೆ ಮಲಗಿ ಬಟ್ಟಲಿನ ತಳವನ್ನು ಕಣ್ಣೆದುರಿಗೆ ಇಟ್ಟುಕೊಂಡು ನೋಡಿದರೆ, ಅದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿ ಬಿಚ್ಚಿಕೊಳ್ಳುತ್ತದೆ. ಆದರೆ ಹೆಚ್ಚಿನವರು ಕುಕ್ಕರುಗಾಲಲ್ಲಿ ಕುಳಿತು ಮೇಲಿನಿಂದ ಬಗ್ಗಿ ನೋಡುತ್ತಾ ತಿರುಗಿಸುತ್ತಾರೆ. ಆ ನೋಟದಲ್ಲಿ ಅದೇ ತಿರುವು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಕಾಣಬೇಕು. ಇದನ್ನು ಗಮನಿಸದೆ ಬಿಚ್ಚುತ್ತಿದ್ದೇನೆಂದು ಭಾವಿಸಿ ಬಿಗಿಮಾಡುತ್ತ ಹೋದರೆ ಒಳಗಿನ ವಾಷರ್ ಹಿಸುಕಿ ಹರಿಯುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದು ಕೈಯ ಕೆಲಸ. ಒಂದು ಕೈ ಬಟ್ಟಲನ್ನು ತಿರುಗಿಸುವಾಗ ಇನ್ನೊಂದು ಕೈ ಟ್ರ್ಯಾಪಿನ ಮೇಲಿನ ಭಾಗವನ್ನು ಅಲ್ಲಾಡದಂತೆ ಬಿಗಿಯಾಗಿ ಹಿಡಿದಿರಬೇಕು. ಹಿಡಿಯದಿದ್ದರೆ ತಿರುಗಿಸುವ ಬಲವೆಲ್ಲ ಮೇಲಕ್ಕೂ ಪಕ್ಕಕ್ಕೂ ಹೋಗುತ್ತದೆ. ಮೇಲಕ್ಕೆ ಹೋದ ಬಲ ವೇಸ್ಟ್ ಕಪ್ಲಿಂಗನ್ನು ಬೇಸಿನ್‌ನ ತೂತಿನಲ್ಲಿ ತಿರುಗಿಸಿ, ಅದರ ಕೆಳಗಿನ ರಬ್ಬರನ್ನೋ ಸೀಲಂಟನ್ನೋ ಬಿಡಿಸುತ್ತದೆ. ಪಕ್ಕಕ್ಕೆ ಹೋದ ಬಲ ಗೋಡೆಯೊಳಗೆ ಹೊಕ್ಕ ಪೈಪಿನ ಜೋಡಣೆಯನ್ನು ಸಡಿಲಿಸುತ್ತದೆ, ಆ ಸೋರಿಕೆ ಪೈಪು ಗೋಡೆ ಸೇರುವಲ್ಲಿ ಮುಚ್ಚಿರುವ ದುಂಡು ತಟ್ಟೆಯಾದ ಫ್ಲ್ಯಾಂಜಿನ ಹಿಂದೆ ಅಡಗಿ, ಗೋಡೆಯ ಬಣ್ಣ ಉಬ್ಬುವವರೆಗೂ ಗೊತ್ತಾಗುವುದಿಲ್ಲ. ಉಂಗುರ ತೆಗೆಯಲು ಹೋಗಿ ಬೇಸಿನ್ ಸೋರುವಂತಾಯಿತು ಎಂಬ ದೂರುಗಳ ಮೂಲ ಬಹುಪಾಲು ಇಲ್ಲೇ ಇರುತ್ತದೆ. ಕೆಲಸ ಶುರುಮಾಡುವ ಮೊದಲು ಕಪ್ಲಿಂಗ್ ಮತ್ತು ಬೇಸಿನ್ ಎರಡಕ್ಕೂ ಸೇರುವಂತೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟಿದ್ದೆ. ಗೆರೆ ಮುರಿದಂತೆ ಕಂಡರೆ ಕಪ್ಲಿಂಗ್ ತಿರುಗಿದೆ ಎಂದೇ ಅರ್ಥ.

ನಮ್ಮ ಬೋರ್‌ವೆಲ್ ನೀರು ಗಡಸು. ಬಟ್ಟಲಿನ ಅಂಚಿನ ಸುತ್ತ ಬಿಳಿಯ ಸುಣ್ಣದ ಪೊರೆ ಕಟ್ಟಿತ್ತು, ಬರಿಗೈಗೆ ಅದು ಜಗ್ಗಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಂಚಿಗೆ ಸುತ್ತಿ ಕೆಲವು ನಿಮಿಷ ಬಿಟ್ಟೆ. ಆಮೇಲೆ ಒರೆಸಿ ಒಣಗಿಸಿ, ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ಹಿಡಿದು ತಿರುಗಿಸಿದಾಗ ಸಣ್ಣ ಕಿರುಗುಟ್ಟುವಿಕೆಯೊಂದಿಗೆ ಅದು ಸಡಿಲವಾಯಿತು. ಬಿಸಿನೀರೂ ಸಾಲದಾದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಸುತ್ತಬಹುದು, ಆದರೆ ಅದನ್ನು ರಾತ್ರಿಯಿಡೀ ಬಿಡುವುದು ಕ್ರೋಮಿಗೆ ಒಳ್ಳೆಯದಲ್ಲ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇಯನ್ನು ಇಲ್ಲಿ ಬಳಸದಿರುವುದೇ ಮೇಲು. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಕೆಲವು ಬಗೆಯ ರಬ್ಬರ್ ವಾಷರ್‌ಗಳು ಉಬ್ಬಿ ಆಕಾರಗೆಡುತ್ತವೆ. ಪ್ಲಾಸ್ಟಿಕ್ ಟ್ರ್ಯಾಪಾದರೆ ಕುದಿಯುವ ನೀರನ್ನೂ ಹಾಕಬಾರದು, ಥ್ರೆಡ್ ಮೆತ್ತಗಾಗುತ್ತದೆ.

ಸಡಿಲವಾದ ಬಟ್ಟಲನ್ನು ಕೊನೆಯ ಸುತ್ತುಗಳಲ್ಲಿ ಕೆಳಗಿನಿಂದ ಅಂಗೈಯಿಂದ ಆತುಕೊಂಡು, ಓರೆಯಾಗದಂತೆ ನೆಟ್ಟಗೆ ಇಳಿಸಬೇಕು. ಒಳಗಿದ್ದ ಒಂದು ದೊಡ್ಡ ಲೋಟದಷ್ಟು ನೀರಿನಲ್ಲಿ ಅರ್ಧ ಅಂಚಿನಿಂದ ತುಳುಕಿ ಬೋಗುಣಿಗೆ ಬಿತ್ತು. ನೀರಿನ ಬೀಗ ಹೋದ್ದರಿಂದ ಚರಂಡಿಯ ವಾಸನೆ ಕೂಡಲೇ ಬಂತು. ಕಿಟಕಿ ತೆರೆದು, ಗೋಡೆಯ ಕಡೆಗೆ ಹೋಗುವ ಬಾಯಿಗೆ ಒಂದು ಒದ್ದೆ ಬಟ್ಟೆಯನ್ನು ತುರುಕಿದೆ. ಈ ಬಟ್ಟೆ ವಾಸನೆಯನ್ನು ತಡೆಯುವುದಷ್ಟೇ ಅಲ್ಲ, ಕೈಜಾರಿದ ಏನಾದರೂ ಆ ಕಡೆಗೆ ಉರುಳಿ ಹೋಗದಂತೆಯೂ ನೋಡಿಕೊಳ್ಳುತ್ತದೆ. ಅದರ ಒಂದು ತುದಿ ಉದ್ದಕ್ಕೆ ಹೊರಗೆ ಕಾಣುತ್ತಿರಬೇಕು, ಮುಚ್ಚುವಾಗ ಒಳಗೇ ಮರೆತುಹೋಗಬಾರದಲ್ಲ.

ಬಟ್ಟಲಿನ ನೀರನ್ನೂ ಬೋಗುಣಿಯ ನೀರನ್ನೂ ಜರಡಿಯ ಮೂಲಕ ಇನ್ನೊಂದು ಬಕೆಟ್ಟಿಗೆ ಸೋಸಿದೆ. ಬಟ್ಟಲಿನ ತಳದಲ್ಲಿ ಎರಡು ಬೆರಳಿನ ದಪ್ಪಕ್ಕೆ ಬೂದುಬಣ್ಣದ ರಾಡಿ ಇತ್ತು: ಸೋಪಿನ ಜಿಡ್ಡು, ಟೂತ್‌ಪೇಸ್ಟಿನ ಉಳಿಕೆ, ಕೂದಲು, ಒಂದೆರಡು ಅಕ್ಕಿಕಾಳು. ಅದನ್ನು ಸ್ವಲ್ಪ ಸ್ವಲ್ಪವಾಗಿ ಜರಡಿಗೆ ಹಾಕಿ, ಮಗ್ಗಿನಿಂದ ನೀರು ಹನಿಸುತ್ತ ಬೆರಳಿನಿಂದ ಬಿಡಿಸಿ ನೋಡಿದಾಗ ಸಿಕ್ಕಿದ್ದು ಓಲೆಯ ಒಂದು ಚಿನ್ನದ ತಿರುಪು. ಮೆಣಸಿನಕಾಳಿಗಿಂತ ಚಿಕ್ಕದಾದ ಅದು ಯಾವಾಗ ಬಿದ್ದದ್ದೋ ಯಾರಿಗೂ ನೆನಪಿರಲಿಲ್ಲ. ಉಂಗುರ ಮಾತ್ರ ಬಟ್ಟಲಿನಲ್ಲಿ ಇರಲಿಲ್ಲ.

ಬಟ್ಟಲು ಖಾಲಿ ಎಂದ ಕೂಡಲೇ ಉಂಗುರ ಗೋಡೆಯ ಪೈಪಿಗೆ ಹೋಗಿಬಿಟ್ಟಿದೆ ಎಂದು ತೀರ್ಮಾನಿಸುವುದು ಸಹಜ. ಅತ್ತಿಗೆಯವರ ಮುಖವೂ ಅದನ್ನೇ ಹೇಳುತ್ತಿತ್ತು. ಆದರೆ ಅಷ್ಟು ಹಗುರವಾದ ತಿರುಪೇ ತಿಂಗಳುಗಟ್ಟಲೆ ಹರಿದ ನೀರಿಗೆ ಜಗ್ಗದೆ ತಳದಲ್ಲಿ ಕೂತಿರುವಾಗ, ಮೂರು ಗ್ರಾಂ ಉಂಗುರ ಕೆಲವು ಕ್ಷಣಗಳ ನೀರಿಗೆ ಅದನ್ನು ದಾಟಿ ಹೋಗಿರಲು ಸಾಧ್ಯವಿಲ್ಲ. ಕೆಳಗೆ ಇಲ್ಲದಿದ್ದರೆ ಅದು ಇನ್ನೂ ಕೆಳಗೆ ಇಳಿದೇ ಇಲ್ಲ, ಮೇಲೆಯೇ ಎಲ್ಲೋ ಸಿಕ್ಕಿಕೊಂಡಿದೆ. ವಾರಗಟ್ಟಲೆ ನೀರು ನಿಧಾನವಾಗಿ ಇಳಿಯುತ್ತಿದ್ದದ್ದೂ ಅದನ್ನೇ ಸೂಚಿಸುತ್ತಿತ್ತು. ಬಟ್ಟಲಿನಲ್ಲಿದ್ದ ರಾಡಿ ಕೊಳವೆಯ ತುದಿಯನ್ನು ಮುಟ್ಟುವಷ್ಟು ಎತ್ತರಕ್ಕೆ ಬಂದಿರಲಿಲ್ಲವಾದ್ದರಿಂದ, ನೀರಿಗೆ ತಡೆಯಾಗಿದ್ದ ಗಂಟು ಬೇರೆ ಕಡೆ ಇರಲೇಬೇಕು.

ಕೊಳವೆಯ ಕೆಳಬಾಯಿಗೆ ಟಾರ್ಚ್ ಹಿಡಿಯಲು ಅತ್ತಿಗೆಯವರಿಗೆ ಹೇಳಿ, ನಾನು ಮೇಲಿನಿಂದ ನೋಡಿದೆ. ದುಂಡಗೆ ಕಾಣಬೇಕಾಗಿದ್ದ ಬೆಳಕು ಒಂದು ಕಡೆ ಕತ್ತರಿಸಿದಂತೆ ಅರ್ಧಚಂದ್ರವಾಗಿ ಕಾಣಿಸಿತು. ಬೇಸಿನ್ ತುಂಬಿದಾಗ ಮೇಲಿನ ರಂಧ್ರದಿಂದ ಬಂದ ನೀರು ಒಳಸೇರಲೆಂದು ಕಪ್ಲಿಂಗ್‌ನ ಪಕ್ಕದಲ್ಲಿ ಉದ್ದನೆಯ ಸೀಳುಗಳಿರುತ್ತವೆ. ಆ ಸೀಳುಗಳ ಅಂಚಿಗೆ ಕೂದಲು ಸಿಕ್ಕಿ, ಅದಕ್ಕೆ ಸೋಪು ಮೆತ್ತಿ, ಕೊಳವೆಯೊಳಗೆ ಒಂದು ಗೇಣಿನಷ್ಟು ಉದ್ದದ ಜಡೆ ಇಳಿಬಿದ್ದಿತ್ತು. ಕೆಳಗಿನ ಬೋಗುಣಿಯ ಮೇಲೆ ಜರಡಿಯನ್ನು ಇಟ್ಟು, ಬೈಂಡಿಂಗ್ ವೈರಿನ ತುದಿಯನ್ನು ಚಿಕ್ಕ ಕೊಕ್ಕೆಯಾಗಿ ಬಗ್ಗಿಸಿ, ಕೊಳವೆಯ ಕೆಳಬಾಯಿಯಿಂದ ಮೇಲಕ್ಕೆ ತೂರಿಸಿದೆ. ತುದಿ ಮೆತ್ತನೆಯದಕ್ಕೆ ತಾಗಿದಾಗ ತಂತಿಯನ್ನು ಬೆರಳುಗಳ ನಡುವೆ ತಿರುಚಿ, ಕೂದಲನ್ನು ಅದಕ್ಕೆ ಸುತ್ತಿಕೊಳ್ಳುವಂತೆ ಮಾಡಿ ಕೆಳಕ್ಕೆ ಎಳೆದೆ. ಮೊದಲು ಕೂದಲಿನ ಒಂದು ಭಾಗವಷ್ಟೇ ಹರಿದು ಬಂತು. ಮತ್ತೆ ಎಳೆದಾಗ ಉಳಿದ ಗಂಟು ಇಡಿಯಾಗಿ ಕಳಚಿ ಜರಡಿಗೆ ಬಿತ್ತು, ಲೋಹ ತಾಗಿದ ಸದ್ದೂ ಕೇಳಿಸಿತು. ಗಂಟನ್ನು ಬಿಡಿಸಿದಾಗ ಉಂಗುರದ ಮೂಲಕ ಕೂದಲ ಎಳೆಗಳು ಹಾದುಹೋಗಿ, ಅದನ್ನು ತೂಗುಹಾಕಿದಂತೆ ಹಿಡಿದಿದ್ದವು. ಜೋರಾಗಿ ನೀರು ಬಿಟ್ಟಿದ್ದರೆ ಉಂಗುರ ಬಟ್ಟಲಿಗೆ ಬೀಳುತ್ತಿತ್ತು, ನಷ್ಟವೇನೂ ಆಗುತ್ತಿರಲಿಲ್ಲ. ಆದರೆ ಇದೇ ಗಂಟು ಪಿ ಟ್ರ್ಯಾಪಿನ ಮೇಲಿದ್ದು, ನೀರಿನ ಒತ್ತಡಕ್ಕೆ ಉಂಗುರ ಸಮೇತ ಕಳಚಿದ್ದರೆ ಕೂದಲಿನ ಜೊತೆಗೆ ಅದೂ ಬಾಗು ದಾಟುವ ಸಾಧ್ಯತೆ ನಿಜಕ್ಕೂ ಇತ್ತು.

ಕಪ್ಲಿಂಗ್‌ನಲ್ಲಿ ಒತ್ತಿ ಮುಚ್ಚುವ ಪಾಪ್‌ಅಪ್ ಮುಚ್ಚಳವಿದ್ದಲ್ಲಿ, ಈ ಹಂತದಲ್ಲಿ ಅದನ್ನು ಮೇಲಿನಿಂದ ತಿರುಗಿಸಿ ತೆಗೆದು ನೋಡಬೇಕು. ಅದರ ಕಡ್ಡಿಯ ಸುತ್ತಲೂ ಇಂಥದೇ ಗಂಟು ಬೆಳೆಯುತ್ತದೆ. ಮೇಲೂ ಸಿಗದೆ, ಬಟ್ಟಲಿನಲ್ಲೂ ಸಿಗದಿದ್ದರೆ ಮಾತ್ರ ಟ್ರ್ಯಾಪಿನ ಪಕ್ಕದ ನಟ್ ಸಡಿಲಿಸಿ ಗೋಡೆಯ ಕಡೆಯ ಅಡ್ಡ ಪೈಪನ್ನು ಹೊರಗೆಳೆದು ನೋಡಬಹುದು. ಅಲ್ಲಿಂದ ಮುಂದಕ್ಕೆ, ಗೋಡೆಯೊಳಗಿನ ಕೊಳವೆಗೆ ಹೋದದ್ದು ಮನೆಯವರ ಕೈಗೆ ಸಿಗುವುದು ಕಷ್ಟ.

ಮತ್ತೆ ಜೋಡಿಸುವಾಗ ಬಟ್ಟಲಿನ ಥ್ರೆಡ್ಡನ್ನೂ ಮೇಲಿನ ಭಾಗದ ಥ್ರೆಡ್ಡನ್ನೂ ಬ್ರಷ್‌ನಿಂದ ತಿಕ್ಕಿ, ವಾಷರ್ ಕೂರುವ ಅಂಚನ್ನು ಬಟ್ಟೆಯಿಂದ ಒರೆಸಿದೆ. ಅಲ್ಲಿ ಒಂದು ಸುಣ್ಣದ ಚೂರು ಉಳಿದರೂ ಸಾಕು, ಅದರ ಪಕ್ಕದಿಂದಲೇ ನೀರು ಜಿನುಗುತ್ತದೆ. ಹಳೆಯ ವಾಷರ್ ಒಂದು ಕಡೆ ಚಪ್ಪಟೆಯಾಗಿ, ಉಗುರು ಒತ್ತಿದರೂ ಗುರುತು ಮೂಡದಷ್ಟು ಗಟ್ಟಿಯಾಗಿತ್ತು. ಆದ್ದರಿಂದ ಅದನ್ನೇ ಸ್ಯಾನಿಟರಿ ಅಂಗಡಿಗೆ ಒಯ್ದು, ಅಳತೆಗೆ ಹೊಂದಿಸಿ ಹೊಸದನ್ನು ತಂದೆ. ಬಾಟಲ್ ಟ್ರ್ಯಾಪಿನ ವಾಷರ್‌ಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಬಾಯಿಮಾತಿನಲ್ಲಿ ಅಳತೆ ಹೇಳಿ ತಂದದ್ದು ಸರಿಯಾಗಿ ಕೂರುವುದು ಅಪರೂಪ. ಅಂಗಡಿಯವರು ಬಿಳಿ ಟೇಪನ್ನೂ ಕೈಗಿತ್ತರು, ಬೇಡವೆಂದೆ. ಬಟ್ಟಲಿನಲ್ಲಿ ನೀರನ್ನು ತಡೆಯುವುದು ವಾಷರ್, ಥ್ರೆಡ್ ಅಲ್ಲ. ಥ್ರೆಡ್ಡಿಗೆ ಟೇಪ್ ಸುತ್ತಿದರೆ ಬಟ್ಟಲು ಪೂರ್ತಿ ಮೇಲೇರುವ ಮೊದಲೇ ಬಿಗಿಯಾಗಿ, ವಾಷರ್ ಮೇಲೆ ಒತ್ತಡ ಬೀಳದೆ ಹೋಗುತ್ತದೆ.

ಹೊಸ ವಾಷರನ್ನು ಸೋಪುನೀರಿನಲ್ಲಿ ಒದ್ದೆ ಮಾಡಿ ಅದರ ಜಾಗದಲ್ಲಿ ಕೂರಿಸಿ, ಗೋಡೆಯ ಕಡೆಯ ಬಟ್ಟೆಯನ್ನು ಹೊರಗೆಳೆದೆ. ಬಟ್ಟಲನ್ನು ಮೊದಲು ಬಿಚ್ಚುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿದರೆ ಒಂದು ಕಡೆ 'ಟಕ್' ಎಂದು ಇಳಿದಂತಾಗುತ್ತದೆ. ಥ್ರೆಡ್ಡಿನ ಮೊದಲ ಸುತ್ತು ಒಂದಕ್ಕೊಂದು ಹೊಂದಿಕೊಳ್ಳುವ ಜಾಗ ಅದು. ಅಲ್ಲಿಂದ ಬಿಗಿಮಾಡುವ ದಿಕ್ಕಿಗೆ ತಿರುಗಿಸಿದರೆ ಓರೆಯಾಗಿ ಹತ್ತುವ ಭಯವಿರುವುದಿಲ್ಲ. ಮೊದಲ ಒಂದೆರಡು ಸುತ್ತು ಎರಡು ಬೆರಳಿನಿಂದಲೇ ತಿರುಗಬೇಕು. ಅಲ್ಲಿಯೇ ಬಲ ಬೇಕೆನಿಸಿದರೆ ಬಿಚ್ಚಿ ಮತ್ತೆ ಶುರುಮಾಡಬೇಕು. ಕೈಯಿಂದ ಬಿಗಿಯಾದ ಮೇಲೆ, ಮೇಲಿನ ಭಾಗವನ್ನು ಮೊದಲಿನಂತೆಯೇ ಹಿಡಿದುಕೊಂಡು, ಟ್ಯೂಬಿನ ತುಂಡಿನ ಹಿಡಿತದಿಂದ ಇನ್ನೊಂದು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ನಿಲ್ಲಿಸಿದೆ. ಬೇಸಿನ್‌ನ ಮೇಲೆಳೆದಿದ್ದ ಮಾರ್ಕರ್ ಗೆರೆ ಮುರಿದಿರಲಿಲ್ಲ.

ಪರೀಕ್ಷೆಯನ್ನು ಎರಡು ಹಂತದಲ್ಲಿ ಮಾಡಿದೆ. ಟ್ರ್ಯಾಪನ್ನು ಹೊರಗಿನಿಂದ ಪೂರ್ತಿ ಒರೆಸಿ ಒಣಗಿಸಿ, ಕೆಳಗೆ ನ್ಯೂಸ್‌ಪೇಪರ್ ಹಾಸಿ, ಮೊದಲು ಒಂದು ಮಗ್ ನೀರನ್ನು ನಿಧಾನವಾಗಿ ಸುರಿದೆ. ಇದರಿಂದ ಬಟ್ಟಲು ತುಂಬಿ ನೀರಿನ ಬೀಗ ಮರಳಿ ಬರುತ್ತದೆ, ವಾಸನೆಯೂ ನಿಲ್ಲುತ್ತದೆ. ಆಮೇಲೆ ಆ್ಯಂಗಲ್ ಕಾಕ್ ತೆರೆದು, ತೂತನ್ನು ಮುಚ್ಚಿ ಬೇಸಿನ್ನನ್ನು ಮುಕ್ಕಾಲು ತುಂಬಿಸಿ ಒಮ್ಮೆಲೇ ಬಿಟ್ಟೆ. ನಲ್ಲಿಯ ಸಣ್ಣ ಧಾರೆಗೆ ಸೋರದ ಜೋಡಣೆಯೂ ಈ ಜೋರು ಹರಿವಿಗೆ ಸೋರಬಹುದು. ಕಪ್ಲಿಂಗ್ ಬೇಸಿನ್ನಿಗೆ ಸೇರುವಲ್ಲಿ, ಟ್ರ್ಯಾಪಿನ ಮೇಲಿನ ನಟ್‌ನಲ್ಲಿ, ಬಟ್ಟಲಿನ ಅಂಚಿನಲ್ಲಿ, ಗೋಡೆಯ ಕಡೆಯ ನಟ್‌ನಲ್ಲಿ, ಹೀಗೆ ಮೇಲಿನಿಂದ ಕೆಳಕ್ಕೆ ಒಂದೊಂದನ್ನೂ ಬೇರೆ ಬೇರೆ ಒಣ ಟಿಶ್ಯೂವಿನಿಂದ ಒತ್ತಿ ನೋಡಬೇಕು. ಮೇಲೆ ಸೋರಿದ ಹನಿ ಇಳಿದು ಬಟ್ಟಲಿನ ತುದಿಯಲ್ಲೇ ತೊಟ್ಟಿಕ್ಕುವುದರಿಂದ, ಹನಿ ಬಿದ್ದ ಜಾಗವನ್ನು ನೋಡಿ ಬಟ್ಟಲನ್ನೇ ಮತ್ತೆ ಬಿಗಿಮಾಡುವುದು ತಪ್ಪು ದಾರಿ. ನಮ್ಮಲ್ಲಿ ಟಿಶ್ಯೂಗಳೆಲ್ಲ ಒಣಗಿದ್ದವು, ಗೋಡೆಯ ಕಡೆಯದು ಮಾತ್ರ ತುಸು ತೇವವಾಗಿತ್ತು. ಅದು ಹಳೆಯ ತೇವವೋ ಹೊಸದೋ ಎಂದು ತಿಳಿಯಲು ಒರೆಸಿ, ಒಣ ನ್ಯೂಸ್‌ಪೇಪರಿನ ಪಟ್ಟಿಯೊಂದನ್ನು ನಟ್‌ಗೆ ಸುತ್ತಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಎಲ್ಲರೂ ಮುಖ ತೊಳೆದ ಮೇಲೂ ಅದು ಗರಿಗರಿಯಾಗಿಯೇ ಇದ್ದದ್ದರಿಂದ ಆ ನಟ್ಟನ್ನು ಮುಟ್ಟುವ ಅಗತ್ಯ ಬೀಳಲಿಲ್ಲ.

ತೆಗೆದಿಟ್ಟಿದ್ದ ಜಾಲರಿಯನ್ನು ತೂತಿನ ಮೇಲೆ ಮರಳಿ ಕೂರಿಸಿದೆ. ಕೂದಲಿನ ಗಂಟು ಹೋದ ಮೇಲೆ ಜಾಲರಿಯಿದ್ದರೂ ನೀರು ತಡೆಯಿಲ್ಲದೆ ಇಳಿಯುತ್ತಿದೆ.